ಟೈಮ್‌ಶೀಟಿನಿಂದ ಬಿಲ್‌ವರೆಗೆ: ಕಾರವಾರದ ಒಂದು ಸಣ್ಣ ಕನ್ಸಲ್ಟೆನ್ಸಿಯ ತಿಂಗಳ ಲೆಕ್ಕ

ತಿಂಗಳ ಕೊನೆಗೆ ಮೂವರ ಟೈಮ್‌ಶೀಟ್ ಬರುತ್ತದೆ. ಒಬ್ಬರದು ಎಕ್ಸೆಲ್, ಇನ್ನೊಬ್ಬರದು ವಾಟ್ಸಾಪ್ ಮೆಸೇಜು, ಮತ್ತೊಬ್ಬರದು ಡೈರಿ ಪುಟದ ಫೋಟೋ. ಇದನ್ನೆಲ್ಲ ಕೂಡಿಸಿ ಪ್ರತಿ ಕ್ಲೈಂಟ್‌ಗೆ ಎಷ್ಟು ಗಂಟೆ ಬಿಲ್ ಮಾಡಬೇಕು ಎಂದು ತೆಗೆಯಬೇಕು. ಕೂಡಿಸುವುದು ಕಂಪ್ಯೂಟರ್ ಮಾಡುತ್ತದೆ. ಕಷ್ಟ ಇರುವುದು ಅದಕ್ಕೂ ಮೊದಲು: ಈ ಸಾಲು ಯಾರ ಲೆಕ್ಕಕ್ಕೆ, ಎಷ್ಟು ಬಿಲ್ ಆಗುತ್ತದೆ, ಯಾವ ದರದಲ್ಲಿ. ಈ ಮೂರನ್ನು ಸಾಲು ಸಾಲಾಗಿ ತೀರ್ಮಾನಿಸಿದ ಮೇಲೆಯೇ ಕೂಡಿಸಬೇಕು.

ಉದಾಹರಣೆಗೆ ಕಾರವಾರದ ಒಂದು ಸಿವಿಲ್ ಕನ್ಸಲ್ಟೆನ್ಸಿ ಇಟ್ಟುಕೊಳ್ಳೋಣ. ಕೆಲಸ ಮಾಡುವವರು ಮೂವರು: ಹಿರಿಯ ಇಂಜಿನಿಯರ್, ಸೈಟ್ ಇಂಜಿನಿಯರ್, ಡ್ರಾಯಿಂಗ್ ಮಾಡುವವರು. ಮೂವರೂ ಸಂಬಳದವರಲ್ಲ, ಗಂಟೆ ಲೆಕ್ಕದವರು. ಕ್ಲೈಂಟ್‌ಗಳೂ ಮೂವರು. ಶಿರಸಿಯಲ್ಲಿ ಅಡಿಕೆ ಸಂಸ್ಕರಣೆಯ ಶೆಡ್ ಕಟ್ಟಿಸುವವರು, ಕುಮಟಾದಲ್ಲಿ ಐಸ್ ಫ್ಯಾಕ್ಟರಿ ದೊಡ್ಡದು ಮಾಡುವವರು, ಮಾಜಾಳಿಯಲ್ಲಿ ರೆಸಾರ್ಟ್ ಮಾಡಲು ಹೊರಟ ಮಡಗಾಂವ್‌ನ ಕಂಪನಿ. ತಿಂಗಳು ಜೂನ್.

ಒಂದೇ ಉದ್ದನೆಯ ಪಟ್ಟಿ

ಒಬ್ಬೊಬ್ಬರಿಗೆ ಒಂದೊಂದು ಶೀಟು, ಕ್ಲೈಂಟ್‌ಗೊಂದು ಕಾಲಮ್, ತಾರೀಖಿಗೊಂದು ಸಾಲು. ಹಲವರು ಹೀಗೆ ಮಾಡುತ್ತಾರೆ. ನೋಡಲು ಚಂದ, ಆದರೆ ಕೂಡಿಸಲು ಶತ್ರು. ಹೊಸ ಕ್ಲೈಂಟ್ ಬಂದ ದಿನ ಎಲ್ಲ ಫಾರ್ಮುಲಾ ತಿದ್ದಬೇಕು. ಅದರ ಬದಲು `Log` ಎಂಬ ಒಂದೇ ಶೀಟ್ ಇಡಿ. ಒಬ್ಬ ವ್ಯಕ್ತಿ, ಒಂದು ದಿನ, ಒಬ್ಬ ಕ್ಲೈಂಟ್, ಒಂದು ಬಗೆಯ ಕೆಲಸ: ಇಷ್ಟಕ್ಕೆ ಒಂದು ಸಾಲು. ಒಂದೇ ದಿನ ಇಬ್ಬರು ಕ್ಲೈಂಟ್‌ಗಳ ಕೆಲಸ ಮಾಡಿದರೆ ಎರಡು ಸಾಲು.

ಕಾಲಮ್‌ಗಳು ಹೀಗಿರಲಿ: A ತಾರೀಖು, B ಯಾರು, C ಕ್ಲೈಂಟ್ ಕೋಡ್, D ಕೆಲಸದ ಬಗೆ, E ದುಡಿದ ಗಂಟೆ, F ಬಿಲ್ ಗಂಟೆ, G ದರ, H ಮೊತ್ತ, I ವಿವರ, J ಬಿಲ್ ನಂಬರ್.

ಇಲ್ಲಿ E ಮತ್ತು F ಬೇರೆ ಬೇರೆ ಇರುವುದು ಮುಖ್ಯ. ಬಿಲ್ ಆಗುತ್ತದೋ ಇಲ್ಲವೋ ಎಂದು ಬರೀ `Y`, `N` ಹಾಕುವವರು ಜಾಸ್ತಿ. ಆದರೆ ಪ್ರಯಾಣಕ್ಕೆ ಅರ್ಧ ದರ ಎಂದು ಒಪ್ಪಂದ ಇದ್ದರೆ ಅದಕ್ಕೆ ಏನು ಹಾಕುತ್ತೀರಿ? ಎರಡು ಕಾಲಮ್ ಇದ್ದರೆ E ಯಲ್ಲಿ 4, F ನಲ್ಲಿ 2. ಕನ್ಸಲ್ಟೆಂಟ್‌ಗೆ ದುಡ್ಡು ಕೊಡುವುದು E ನೋಡಿ, ಕ್ಲೈಂಟ್‌ಗೆ ಬಿಲ್ ಮಾಡುವುದು F ನೋಡಿ. E ಯನ್ನು ಯಾವ ಕಾರಣಕ್ಕೂ ತಿದ್ದಬೇಡಿ.

ಎರಡೂವರೆ ಗಂಟೆ ಎಂದರೆ 2.30 ಅಲ್ಲ

ಅತಿ ಹೆಚ್ಚು ದುಡ್ಡು ಸೋರುವುದು ಇಲ್ಲೇ. ಎರಡೂವರೆ ಗಂಟೆಯನ್ನು ಜನ 2.30 ಎಂದು ಬರೆಯುತ್ತಾರೆ. ಶೀಟು ಅದನ್ನು 2.3 ಎಂದು ಓದುತ್ತದೆ, ಅಂದರೆ 2 ಗಂಟೆ 18 ನಿಮಿಷ. ಒಂದು ಸಾಲಿಗೆ 12 ನಿಮಿಷ ಹೋಯಿತು. ಇಂಥ 20 ಸಾಲಿದ್ದರೆ 4 ಗಂಟೆ. ಹಿರಿಯ ಇಂಜಿನಿಯರ್ ದರ ಗಂಟೆಗೆ ₹1,800 ಆದರೆ ₹7,200 ಸುಮ್ನೆ ಹೋಯಿತು.

ಯಾರು ಹೇಗೆ ಬರೆಯುತ್ತಾರೆ ಎಂದು ತಿಳಿಯಲು ಅವರ ಇಡೀ ತಿಂಗಳ ಅಂಕಿ ಒಮ್ಮೆ ನೋಡಿ. ಚುಕ್ಕೆಯ ನಂತರ 15, 3 ಅಥವಾ 30, 45 ಬಂದಿದ್ದರೆ ಅದು ನಿಮಿಷ. 25, 5, 75 ಬಂದಿದ್ದರೆ ಅದು ಕಾಲು, ಅರ್ಧ, ಮುಕ್ಕಾಲು. ಎರಡೂ ಬೆರೆತಿದ್ದರೆ ಊಹೆ ಮಾಡಬೇಡಿ, ಫೋನ್ ಮಾಡಿ ಕೇಳಿ. ನಿಮಿಷದ ಪದ್ಧತಿ ಎಂದು ಖಾತ್ರಿಯಾದರೆ ಬೇರೊಂದು ಕಾಲಮ್‌ನಲ್ಲಿ ಹೀಗೆ ಬದಲಿಸಿ, ಬಂದ ಅಂಕಿಯನ್ನು E ಗೆ ವ್ಯಾಲ್ಯೂ ಆಗಿ ಪೇಸ್ಟ್ ಮಾಡಿ:

```
=ROUND(INT(L2)+(L2-INT(L2))*100/60, 2)
```

`L2` ನಲ್ಲಿ 2.30 ಇದ್ದರೆ 2.5 ಬರುತ್ತದೆ. 2.45 ಇದ್ದರೆ 2.75.

ಕೆಲವರು ಶುರು ಮತ್ತು ಮುಗಿದ ಸಮಯ ಕೊಡುತ್ತಾರೆ. ಅದು ಇನ್ನೂ ಒಳ್ಳೆಯದು. ಮುಗಿದ ಸಮಯದಿಂದ ಶುರುವಿನದನ್ನು ಕಳೆದು 24ರಿಂದ ಗುಣಿಸಿ. ಗುಣಿಸದೆ ಗಡಿಯಾರದ ರೂಪದಲ್ಲೇ ಕೂಡಿಸಲು ಹೋದರೆ ಮೊತ್ತ 24 ಗಂಟೆ ದಾಟಿದ ಕೂಡಲೇ ಮತ್ತೆ ಸೊನ್ನೆಯಿಂದ ತೋರಿಸುತ್ತದೆ. 26 ಗಂಟೆ 30 ನಿಮಿಷ ಇದ್ದದ್ದು 2:30 ಎಂದು ಕಾಣುತ್ತದೆ. ಸೆಲ್ ಫಾರ್ಮ್ಯಾಟನ್ನು `[h]:mm` ಮಾಡಿದರೆ ಸರಿ ಕಾಣುತ್ತದೆ. ಆದರೂ ದರದಿಂದ ಗುಣಿಸುವಾಗ ದಶಾಂಶದ ಗಂಟೆಯೇ ಬೇಕು.

ಕಾಲು ಗಂಟೆಗೆ ರೌಂಡ್ ಮಾಡುವುದು ಒಪ್ಪಂದದಲ್ಲಿದ್ದರೆ, ಎಲ್ಲಿ ರೌಂಡ್ ಮಾಡುತ್ತೀರಿ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಒಂದು ದಿನ ಹತ್ತು ಹತ್ತು ನಿಮಿಷದ ಆರು ಫೋನ್ ಕರೆ. ಒಂದೊಂದನ್ನೂ ಮೇಲಕ್ಕೆ ರೌಂಡ್ ಮಾಡಿದರೆ ಒಂದೂವರೆ ಗಂಟೆ, ದಿನದ ಮೊತ್ತ ಮಾಡಿದರೆ ಒಂದೇ ಗಂಟೆ. ದಿನಕ್ಕೆ, ಕ್ಲೈಂಟ್‌ಗೆ ಒಂದೇ ಸಲ ರೌಂಡ್ ಮಾಡುವುದು ನ್ಯಾಯ ಎಂದು ನನ್ನ ಅಭಿಪ್ರಾಯ. ಕರೆಗೊಮ್ಮೆ ಮಾಡುವವರ ಬಿಲ್ಲನ್ನು ಕ್ಲೈಂಟ್ ಒಂದಲ್ಲ ಒಂದು ದಿನ ಬಿಡಿಸಿ ನೋಡಿಯೇ ನೋಡುತ್ತಾರೆ.

ಹೆಸರಲ್ಲ, ಕೋಡ್

ಶಿರಸಿ ಶೆಡ್, ಅಡಿಕೆ ಶೆಡ್, ಶಿರ್ಸಿ ಸೈಟ್. ಮೂರೂ ಒಂದೇ ಎಂದು ನಮಗೆ ಗೊತ್ತು, ಶೀಟಿಗೆ ಗೊತ್ತಿಲ್ಲ. ಹಾಗಾಗಿ ಶಿರಸಿಗೆ `SRS1`, ಕುಮಟಾಕ್ಕೆ `KMT1`, ಮಾಜಾಳಿಗೆ `MAJ1`, ಬಿಲ್ ಆಗದ ಆಫೀಸ್ ಕೆಲಸಕ್ಕೆ `OFC`. `Client` ಎಂಬ ಶೀಟಿನಲ್ಲಿ ಈ ಕೋಡ್‌ಗಳ ಪಟ್ಟಿ ಇಟ್ಟು, `Log` ನ C ಕಾಲಮ್‌ಗೆ ಡ್ರಾಪ್‌ಡೌನ್ ಹಾಕಿ.

ಡ್ರಾಪ್‌ಡೌನ್ ಇದ್ದರೂ ಬೇರೆ ಕಡೆಯಿಂದ ಪೇಸ್ಟ್ ಮಾಡಿದ ಸಾಲು ಅದನ್ನು ದಾಟಿ ಒಳಗೆ ಬರುತ್ತದೆ. ಕೋಡ್ ಹಿಂದೆ ಕಣ್ಣಿಗೆ ಕಾಣದ ಸ್ಪೇಸ್ ಇದ್ದರೆ ಆ ಸಾಲು ಮೊತ್ತಕ್ಕೆ ಸೇರುವುದೇ ಇಲ್ಲ, ತಪ್ಪು ಎಂದೂ ತೋರಿಸುವುದಿಲ್ಲ. ಮೆಸೇಜ್ ಅಥವಾ ವೆಬ್ ಪುಟದಿಂದ ಕಾಪಿ ಮಾಡಿದ ಸ್ಪೇಸ್ ಕೆಲವೊಮ್ಮೆ ಬೇರೆ ಜಾತಿಯದು, ಅದಕ್ಕೆ ಬರೀ `TRIM` ಸಾಲದು:

```
=TRIM(SUBSTITUTE(C2,CHAR(160)," "))
```

ತಾರೀಖನ್ನೂ ಇಲ್ಲೇ ನೋಡಿಬಿಡಿ. 5/6 ಎಂಬುದನ್ನು ಶೀಟು ಮೇ 6 ಎಂದು ಓದಿರಬಹುದು. ತಾರೀಖಿನ ಪ್ರಕಾರ ಸಾರ್ಟ್ ಮಾಡಿ. ಜೂನ್ ಹೊರಗಿನದು ಮೇಲೆ ಅಥವಾ ಕೆಳಗೆ ಬಂದು ನಿಲ್ಲುತ್ತದೆ.

ಒಂದೇ ಓಡಾಟ, ಇಬ್ಬರು ಕ್ಲೈಂಟ್

ನಮ್ಮ ಜಿಲ್ಲೆಯಲ್ಲಿ ಟೈಮ್‌ಶೀಟಿನ ದೊಡ್ಡ ತಲೆನೋವು ರಸ್ತೆ. ಜೂನ್ 10ರಂದು ಹಿರಿಯ ಇಂಜಿನಿಯರ್ ಕಾರವಾರದಿಂದ ಹೊರಟರು. ಕುಮಟಾಕ್ಕೆ ಒಂದೂವರೆ ಗಂಟೆ, ಅಲ್ಲಿ ಎರಡು ಗಂಟೆ ಕೆಲಸ. ಅಲ್ಲಿಂದ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಒಂದೂ ಮುಕ್ಕಾಲು ಗಂಟೆ, ಅಲ್ಲಿ ಮೂರು ಗಂಟೆ ಕೆಲಸ. ವಾಪಸ್ ಬರಲು ಮೂರೂಕಾಲು ಗಂಟೆ. ಒಟ್ಟು ಹನ್ನೊಂದೂವರೆ ಗಂಟೆ, ಅದರಲ್ಲಿ ಪ್ರಯಾಣವೇ ಆರೂವರೆ.

ಈ ಆರೂವರೆ ಯಾರ ಲೆಕ್ಕಕ್ಕೆ? ಪೂರ್ತಿ ಶಿರಸಿಗೆ ಹಾಕಿದರೆ ಕುಮಟಾದವರಿಗೆ ಇಂಜಿನಿಯರ್ ಪುಕ್ಕಟೆ ಬಂದಂತೆ. ಕುಮಟಾಕ್ಕೆ ಹೋಗಿಬರುವ 3 ಗಂಟೆ ಅವರಿಗೆ, ಶಿರಸಿಗೆ ಹೋಗಿಬರುವ 6.5 ಗಂಟೆ ಇವರಿಗೆ ಎಂದು ಹಾಕಿದರೆ 6.5 ಗಂಟೆ ಓಡಾಡಿ 9.5 ಗಂಟೆ ಬಿಲ್ ಮಾಡಿದ ಹಾಗಾಯಿತು. ಇದು ಗೊತ್ತಿಲ್ಲದೆಯೇ ಆಗಿಬಿಡುತ್ತದೆ, ಏಕೆಂದರೆ ಒಂದೊಂದೇ ಬಿಲ್ ನೋಡಿದರೆ ಎರಡೂ ಸರಿಯಾಗಿಯೇ ಕಾಣುತ್ತವೆ. ಇಬ್ಬರೂ ಗುತ್ತಿಗೆದಾರರ ಮೂಲಕ ಪರಿಚಯದವರಾದರೆ ಒಂದು ದಿನ ಬಿಲ್ ಎದುರುಬದುರಾಗುತ್ತದೆ.

ದಾರಿ ಹೀಗೆ. ಒಬ್ಬೊಬ್ಬರ ಹತ್ತಿರ ಪ್ರತ್ಯೇಕವಾಗಿ ಹೋಗಿದ್ದರೆ ಎಷ್ಟಾಗುತ್ತಿತ್ತೋ ಆ ಪ್ರಮಾಣದಲ್ಲಿ ನಿಜವಾದ ಪ್ರಯಾಣವನ್ನು ಹಂಚಿ. ಕುಮಟಾ 3, ಶಿರಸಿ 6.5, ಒಟ್ಟು 9.5. ಕುಮಟಾದ ಪಾಲು 6.5ನ್ನು 3ರಿಂದ ಗುಣಿಸಿ 9.5ರಿಂದ ಭಾಗಿಸಿದರೆ 2.05. ಉಳಿದ 4.45 ಶಿರಸಿಗೆ. ಕಾಲು ಗಂಟೆಗೆ ಸರಿಮಾಡಿ 2 ಮತ್ತು 4.5. ಇಬ್ಬರಿಗೂ ಪ್ರತ್ಯೇಕ ಓಡಾಟಕ್ಕಿಂತ ಕಡಿಮೆಯೇ ಬಿತ್ತು, ಆಫೀಸಿಗೂ ನಷ್ಟ ಇಲ್ಲ. ಪ್ರಯಾಣಕ್ಕೆ ಅರ್ಧ ದರ ಎಂದು ಒಪ್ಪಂದ ಇರುವುದರಿಂದ ಆ ದಿನದ ಸಾಲುಗಳು ಹೀಗಾಗುತ್ತವೆ:

| ಕ್ಲೈಂಟ್ | ಬಗೆ | ದುಡಿದ ಗಂಟೆ | ಬಿಲ್ ಗಂಟೆ |
|---|---|---|---|
| `KMT1` | `SITE` | 2 | 2 |
| `KMT1` | `TRAVEL` | 2 | 1 |
| `SRS1` | `SITE` | 3 | 3 |
| `SRS1` | `TRAVEL` | 4.5 | 2.25 |

ದುಡಿದದ್ದು 11.5, ಬಿಲ್ ಆಗುವುದು 8.25. ಬಾಡಿಗೆ ಕಾರಿನ ₹3,900 ಕೂಡ ಇದೇ ಪ್ರಮಾಣದಲ್ಲಿ: ಕುಮಟಾಕ್ಕೆ ₹1,200, ಶಿರಸಿಗೆ ₹2,700. ಗಂಟೆಗೆ ಒಂದು ಪ್ರಮಾಣ, ಕಾರಿಗೆ ಇನ್ನೊಂದು ಎಂದು ಮಾಡಬೇಡಿ. ಕೇಳಿದಾಗ ವಿವರಿಸಲು ಆಗುವುದಿಲ್ಲ.

ಇನ್ನು ಮಳೆಗಾಲ. 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಬಂದ್ ಆಯಿತಲ್ಲ, ಅಂಥ ಹೊತ್ತಲ್ಲಿ ಕಾರವಾರದಿಂದ ಕುಮಟಾ ಎಂದರೆ ಒಂದೂವರೆ ಗಂಟೆಯ ಮಾತಲ್ಲ. ಸುತ್ತು ಬಳಸಿದ ಗಂಟೆಯನ್ನೆಲ್ಲ ಬಿಲ್ ಮಾಡಿದರೆ “ಇದೆಂಥ ಲೆಕ್ಕ ಮಾರಾಯ್ರೆ?” ಎಂದು ಫೋನ್ ಬರುವುದು ಗ್ಯಾರಂಟಿ. ಇದಕ್ಕೆ ಒಳ್ಳೆಯ ಉಪಾಯ, ಒಪ್ಪಂದದಲ್ಲೇ ಊರಿಗೊಂದು ಪ್ರಯಾಣದ ಗಂಟೆ ನಿಗದಿ ಮಾಡುವುದು. ಶಿರಸಿಗೆ ಹೋಗಿಬರಲು 6.5, ಕುಮಟಾಕ್ಕೆ 3. ರಸ್ತೆ ಹೇಗೇ ಇರಲಿ F ಕಾಲಮ್ ಆ ಅಂಕಿಯಿಂದಲೇ ಬರುತ್ತದೆ, ನಿಜವಾಗಿ ಹಿಡಿದ ಸಮಯ E ಯಲ್ಲಿ ಇರುತ್ತದೆ. ಒಂದು ವರ್ಷ ಆದ ಮೇಲೆ E ಮತ್ತು F ನೋಡಿದರೆ ನಿಗದಿ ಗಂಟೆ ಏರಿಸಬೇಕೋ ಬೇಡವೋ ತಾನಾಗಿ ಗೊತ್ತಾಗುತ್ತದೆ.

ದರ

ದರ ಕೈಯಿಂದ ಹಾಕಬೇಡಿ. `Rate` ಶೀಟಿನ A ಕಾಲಮ್‌ನಲ್ಲಿ ವ್ಯಕ್ತಿ ಮತ್ತು ಕ್ಲೈಂಟ್ ಸೇರಿದ ಕೀ ಇಡಿ, `SE|SRS1` ಎಂಬಂತೆ. B ಯಲ್ಲಿ ದರ. ನಮ್ಮ ಉದಾಹರಣೆಯಲ್ಲಿ ಹಿರಿಯ ಇಂಜಿನಿಯರ್ `SE` ₹1,800, ಸೈಟ್ ಇಂಜಿನಿಯರ್ `JE` ₹1,000, ಡ್ರಾಯಿಂಗ್ `DR` ₹700.

```
=XLOOKUP(B2&"|"&C2, Rate!A:A, Rate!B:B, "ದರ ಇಲ್ಲ")
```

ಕೊನೆಯ ಭಾಗವನ್ನು 0 ಎಂದು ಬರೆಯುವ ಚಪಲ ಬೇಡ. ಸೊನ್ನೆ ಬಂದರೆ ಯಾರಿಗೂ ಕಾಣದೆ ಆ ಗಂಟೆಗಳು ಪುಕ್ಕಟೆ ಹೋಗುತ್ತವೆ. “ದರ ಇಲ್ಲ” ಎಂದು ಬಂದರೆ H ಕಾಲಮ್‌ನ ಗುಣಾಕಾರ ಎರರ್ ಕೊಡುತ್ತದೆ, ಅದು ಕಣ್ಣಿಗೆ ಬೀಳುತ್ತದೆ. `OFC` ಗೆ ಮಾತ್ರ ಬೇಕೆಂದೇ ಸೊನ್ನೆ ದರ ಕೊಟ್ಟಿಡಿ. ಹಳೆಯ ಎಕ್ಸೆಲ್‌ನಲ್ಲಿ `XLOOKUP` ಇಲ್ಲ, ಅಲ್ಲಿ `VLOOKUP` ಸಾಕು, ಕೊನೆಗೆ `FALSE` ಹಾಕಲು ಮರೆಯದಿದ್ದರೆ.

ದರ ನಡುವೆ ಏರಿದರೆ ಕೆಲಸ ಮಾಡಿದ ದಿನದ ದರವೇ ಹಾಕಬೇಕು, ಬಿಲ್ ಮಾಡಿದ ದಿನದ್ದಲ್ಲ. ಹಾಗಾಗಿ ತಿಂಗಳು ಮುಗಿದ ಮೇಲೆ G ಕಾಲಮ್‌ನ ಫಾರ್ಮುಲಾ ತೆಗೆದು ಬರೀ ಅಂಕಿಯಾಗಿ ಪೇಸ್ಟ್ ಮಾಡಿ. ಇಲ್ಲದಿದ್ದರೆ ಜುಲೈಯಲ್ಲಿ ದರ ಬದಲಿಸಿದಾಗ ಜೂನ್ ಲೆಕ್ಕವೂ ಕದಲುತ್ತದೆ.

ಮೊತ್ತ ತಾಳೆ ಆಗಲೇಬೇಕು

ಈಗ `Summary` ಶೀಟು. A ಯಲ್ಲಿ ಕ್ಲೈಂಟ್, B ಯಲ್ಲಿ ವ್ಯಕ್ತಿ:

```
=SUMIFS(Log!F:F, Log!C:C, A2, Log!B:B, B2)
```

ಹಿಂದಿನ ತಿಂಗಳುಗಳೂ ಅದೇ `Log` ನಲ್ಲಿದ್ದರೆ ತಾರೀಖಿನ ಷರತ್ತನ್ನೂ ಸೇರಿಸಿ. ಜೂನ್‌ಗೆ ಬಂದದ್ದು:

| ಕ್ಲೈಂಟ್ | `SE` | `JE` | `DR` | ಒಟ್ಟು ಗಂಟೆ | ಮೊತ್ತ |
|---|---|---|---|---|---|
| `SRS1` | 14.25 | 31.5 | 22 | 67.75 | ₹72,550 |
| `KMT1` | 6.5 | 18 | 9 | 33.5 | ₹36,000 |
| `MAJ1` | 21 | 26.5 | 34 | 81.5 | ₹88,100 |

ಒಟ್ಟು 182.75 ಗಂಟೆ. ಈ ಅಂಕಿ `Log` ನ F ಕಾಲಮ್‌ನ ಒಟ್ಟಿಗೆ ಸರಿ ಹೊಂದಬೇಕು. ಹೊಂದದಿದ್ದರೆ ಯಾವುದೋ ಸಾಲಿನ ಕೋಡ್ ತಪ್ಪಿದೆ. ಆಮೇಲೆ E ಕಾಲಮ್‌ನ ಒಟ್ಟನ್ನು ಮೂವರು ಕೊಟ್ಟ ಮೂಲ ಟೈಮ್‌ಶೀಟ್‌ಗಳ ಒಟ್ಟಿಗೆ ಹೋಲಿಸಿ. ಇಲ್ಲಿ ಅದು 214.5.

ಹಾಗಾದರೆ 31.75 ಗಂಟೆ ಎಲ್ಲಿ ಹೋಯಿತು? ಇದಕ್ಕೆ ಉತ್ತರ ಸಿಗುವವರೆಗೆ ಬಿಲ್ ಮಾಡಬೇಡಿ. ಈ ತಿಂಗಳಲ್ಲಿ ಪ್ರಯಾಣದ ಅರ್ಧ ಬಿಟ್ಟದ್ದು 17.5, ಆಫೀಸ್ ಕೆಲಸ 9.25, ನಮ್ಮದೇ ಡ್ರಾಯಿಂಗ್ ತಪ್ಪು ತಿದ್ದಿದ್ದು 5. ಕೂಡಿದರೆ 31.75, ಸರಿ ಆಯಿತು. ಕಾಲು ಗಂಟೆ ವ್ಯತ್ಯಾಸ ಬಂದರೂ ಹುಡುಕಿ. ಸಣ್ಣ ವ್ಯತ್ಯಾಸದ ಹಿಂದೆ ಒಂದಕ್ಕೊಂದು ಮುಚ್ಚಿಹೋದ ಎರಡು ದೊಡ್ಡ ತಪ್ಪುಗಳಿರಬಹುದು.

ತಾಳೆ ಆದರೂ ಒಂದು ತಪ್ಪು ಉಳಿಯುತ್ತದೆ: ಅದೇ ಕೆಲಸ ಎರಡು ಸಲ ಬಂದಿರುವುದು. ವಾಟ್ಸಾಪ್‌ನಲ್ಲಿ ಆ ದಿನವೇ ಕಳಿಸಿ, ತಿಂಗಳ ಶೀಟಿನಲ್ಲೂ ಬರೆದಿರುತ್ತಾರೆ. ಒಬ್ಬರಿಗೆ ಒಂದು ದಿನದಲ್ಲಿ 12 ಗಂಟೆ ದಾಟಿದ್ದರೆ ಆ ದಿನದ ಸಾಲುಗಳನ್ನು ಕಣ್ಣಲ್ಲೇ ನೋಡಿ:

```
=SUMIFS(E:E, A:A, A2, B:B, B2)>12
```

ಬಿಲ್ಲಿಗೆ ಸಿದ್ಧವಾದ ಸಾರಾಂಶ

ಶಿರಸಿ ಕ್ಲೈಂಟ್‌ಗೆ ದಿನವಾರು ನಲವತ್ತು ಸಾಲಿನ ಬಿಲ್ ಕೊಟ್ಟರೆ ಓದುವುದಿಲ್ಲ. “ಸೇವಾ ಶುಲ್ಕ” ಎಂದು ಒಂದೇ ಸಾಲು ಕೊಟ್ಟರೆ ಒಪ್ಪುವುದಿಲ್ಲ. ವ್ಯಕ್ತಿಗೊಂದು ಸಾಲು, ಅದರಲ್ಲಿ ಗಂಟೆ, ದರ, ಮೊತ್ತ, ಮತ್ತು ಏನು ಕೆಲಸ ಎಂದು ಒಂದು ವಾಕ್ಯ. ದಿನವಾರು ಪಟ್ಟಿ ಬೇರೆ ಹಾಳೆಯಲ್ಲಿ ಜೊತೆಗಿರಲಿ. ಕಾರಿನ ಪಾಲು ಪ್ರತ್ಯೇಕ ಸಾಲು.

ಆಫೀಸು ಜಿಎಸ್‌ಟಿ ನೋಂದಣಿ ಮಾಡಿದ್ದರೆ ಆ ಕಾರಿನ ₹2,700ಕ್ಕೂ ತೆರಿಗೆ ಹಾಕಬೇಕು. ಕಾರು ಗೊತ್ತು ಮಾಡಿದವರು ನಾವು, ನಮ್ಮ ಸೇವೆಗಾಗಿ ಮಾಡಿದ ಖರ್ಚು ಅದು. “ನಾವು ಕೊಟ್ಟದ್ದನ್ನೇ ವಾಪಸ್ ಕೇಳುತ್ತಿದ್ದೇವೆ, ತೆರಿಗೆ ಯಾಕೆ” ಎನ್ನುವವರು ಇದ್ದಾರೆ, ಆದರೆ ಅದು ಸೇವೆಯ ಬೆಲೆಗೇ ಸೇರುತ್ತದೆ. ಹಾಗಾಗಿ ಶಿರಸಿ ಬಿಲ್: 72,550 ಮತ್ತು 2,700 ಸೇರಿ ₹75,250. ಸಿಜಿಎಸ್‌ಟಿ ಶೇ. 9 ಎಂದರೆ ₹6,772.50, ಎಸ್‌ಜಿಎಸ್‌ಟಿ ಅಷ್ಟೇ. ಒಟ್ಟು ₹88,795.

ಮಾಜಾಳಿ ಬಿಲ್ಲಿನಲ್ಲಿ ಒಂದು ಗುಂಡಿ ಇದೆ, ಗೋವಾ ಗಡಿಯ ನಮ್ಮಂಥವರು ಬೀಳುವುದು ಅದರಲ್ಲೇ. ಕಂಪನಿ ಮಡಗಾಂವ್‌ನದು, ಜಿಎಸ್‌ಟಿ ನಂಬರ್ 30ರಿಂದ ಶುರು. ನಮ್ಮದು 29. ಬೇರೆ ರಾಜ್ಯ ಎಂದು ಐಜಿಎಸ್‌ಟಿ ಹಾಕಿಬಿಡುತ್ತಾರೆ. ಆದರೆ ಜಾಗ ಅಥವಾ ಕಟ್ಟಡಕ್ಕೆ ನೇರವಾಗಿ ಸಂಬಂಧಿಸಿದ ಸರ್ವೇಯರ್, ಆರ್ಕಿಟೆಕ್ಟ್, ಇಂಜಿನಿಯರ್ ಸೇವೆಗೆ ಆಸ್ತಿ ಎಲ್ಲಿದೆಯೋ ಅದೇ ಸೇವೆ ನಡೆದ ಜಾಗ. ಐಜಿಎಸ್‌ಟಿ ಕಾಯ್ದೆಯ 12ನೇ ಸೆಕ್ಷನ್ ಹೇಳುವುದು ಇದನ್ನೇ. ಮಾಜಾಳಿ ಇರುವುದು ಕರ್ನಾಟಕದಲ್ಲಿ, ನಾವೂ ಕರ್ನಾಟಕದಲ್ಲಿ. ಆದ್ದರಿಂದ ಸಿಜಿಎಸ್‌ಟಿ ಮತ್ತು ಎಸ್‌ಜಿಎಸ್‌ಟಿ: ₹88,100ಕ್ಕೆ ತಲಾ ₹7,929, ಒಟ್ಟು ₹1,03,958.

ಮಡಗಾಂವ್‌ನ ಲೆಕ್ಕದವರು ಗೊಣಗುತ್ತಾರೆ, ಏಕೆಂದರೆ ಗೋವಾ ನೋಂದಣಿಯಲ್ಲಿ ಅವರಿಗೆ ಈ ತೆರಿಗೆಯ ಕ್ರೆಡಿಟ್ ಸಿಗುವುದಿಲ್ಲ. ಅವರಿಗೆ ಕರ್ನಾಟಕದ ನೋಂದಣಿ ಇದ್ದರೆ ಬಿಲ್ ಆ ನಂಬರಿಗೆ ಮಾಡಬಹುದೇ ಎಂದು ಮೊದಲೇ ಕೇಳಿ. ಅದೇ ಕಂಪನಿಯ ಮಡಗಾಂವ್ ಆಫೀಸಿನ ಸಿಬ್ಬಂದಿಗೆ ಬರೀ ಆಡಳಿತದ ಸಲಹೆ ಕೊಟ್ಟಿದ್ದರೆ ಐಜಿಎಸ್‌ಟಿಯೇ ಸರಿ. ಹಾಗಾಗಿ `Client` ಶೀಟಿನಲ್ಲಿ ಕೋಡ್ ಪಕ್ಕದಲ್ಲಿ ಜಿಎಸ್‌ಟಿ ನಂಬರ್ ಮಾತ್ರವಲ್ಲ, ಸೈಟ್ ಇರುವ ರಾಜ್ಯವನ್ನೂ ಬರೆದಿಡಿ. ತೆರಿಗೆ ಬಗೆ ಅದರಿಂದಲೇ ತೀರ್ಮಾನವಾಗಲಿ.

ಬಿಲ್ ನಂಬರ್ ಕಾಲಮ್

ಬಿಲ್ ಹೊರಗೆ ಹೋದ ದಿನವೇ ಅದರಲ್ಲಿ ಸೇರಿದ ಪ್ರತಿ ಸಾಲಿನ J ಕಾಲಮ್‌ಗೆ ಬಿಲ್ ನಂಬರ್ ತುಂಬಿ. ನಂಬರ್ 16 ಅಕ್ಷರದೊಳಗೆ ಇರಬೇಕು, ಆರ್ಥಿಕ ವರ್ಷದಲ್ಲಿ ಒಂದು ನಂಬರ್ ಒಂದೇ ಸಲ. ಬಿಲ್ ಆಗದೇ ಉಳಿದದ್ದು ನೋಡಲು ಇಷ್ಟು ಸಾಕು:

```
=SUMIFS(Log!H:H, Log!C:C, A2, Log!J:J, "")
```

ಜುಲೈ 8ಕ್ಕೆ ಸೈಟ್ ಇಂಜಿನಿಯರ್ “ಜೂನ್ 27ರ ಎರಡು ಗಂಟೆ ಬರೆಯಲು ಬಿಟ್ಟುಹೋಗಿತ್ತು” ಎನ್ನುತ್ತಾರೆ ಎಂದಿಟ್ಟುಕೊಳ್ಳಿ. ಕಳಿಸಿದ ಬಿಲ್ ತಿದ್ದಬೇಡಿ. ಜೂನ್ 27 ಎಂಬ ನಿಜವಾದ ತಾರೀಖಿನಲ್ಲೇ ಸಾಲು ಸೇರಿಸಿ, ಜೂನ್ ದರವೇ ಇರಲಿ, J ಖಾಲಿ ಬಿಡಿ. ಜುಲೈ ಬಿಲ್ ಮಾಡುವಾಗ ತಿಂಗಳಿನಿಂದ ಆರಿಸುವ ಬದಲು J ಖಾಲಿ ಇರುವ ಸಾಲುಗಳನ್ನು ಆರಿಸಿದರೆ ಅದು ತಾನಾಗಿ ಸೇರುತ್ತದೆ. ಬಿಲ್ಲಿನಲ್ಲಿ “ಜೂನ್ 27ರ ಕೆಲಸ, ಹಿಂದಿನ ಬಿಲ್ಲಿನಲ್ಲಿ ಸೇರಿಲ್ಲ” ಎಂದು ವಿವರ ಬರೆಯಿರಿ. ಆದರೆ ಇದಕ್ಕೂ ಒಂದು ಗಡಿ ಬೇಕು. ಎರಡು ತಿಂಗಳ ಹಿಂದಿನ ಸಾಲನ್ನು ಕ್ಲೈಂಟ್ ಹತ್ತಿರ ಮೊದಲು ಫೋನಿನಲ್ಲಿ ಮಾತಾಡಿಯೇ ಸೇರಿಸಿ, ಅವರು ಒಪ್ಪದಿದ್ದರೆ F ನಲ್ಲಿ ಸೊನ್ನೆ ಹಾಕಿ. E ಯಲ್ಲಿ ಎರಡು ಗಂಟೆ ಹಾಗೇ ಇರಲಿ, ಕೆಲಸ ಮಾಡಿದವರಿಗೆ ದುಡ್ಡು ಕೊಡಬೇಕಲ್ಲ.